‘ಹೂಂ’ ಎಂದರೆ ಒಪ್ಪಿದಂತಲ್ಲ

ಕಾನೂನು ವಿದ್ಯಾರ್ಥಿ ಕಕ್ಷಿದಾರರ ಮುಂದೆ ಕೂತು ಮಾತಾಡಿಸುವುದನ್ನು ಕಲಿಯಲು ನಮ್ಮ ಪಠ್ಯಕ್ರಮ ಇಟ್ಟಿರುವುದು 15 ಅಂಕ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ವಿದ್ಯಾರ್ಥಿ ವಕೀಲರ ಕಚೇರಿಯಲ್ಲೋ ಕಾನೂನು ನೆರವು ಕೇಂದ್ರದಲ್ಲೋ ಇಂಥ ಎರಡು ಸಂದರ್ಶನಗಳನ್ನು ಗಮನಿಸಿ ಡೈರಿಯಲ್ಲಿ ಬರೆಯಬೇಕು. ಗಮನಿಸಿದರೆ ಸಾಕು, ತಾನೇ ಮಾಡಬೇಕೆಂದಿಲ್ಲ. ಇಂಥ ಡೈರಿಗಳನ್ನು ನಾನು ಬಹಳ ಓದಿದ್ದೇನೆ. ‘ಕಕ್ಷಿದಾರರನ್ನು ಮಾಲೀಕರು ಅಕ್ರಮವಾಗಿ ವಜಾ ಮಾಡಿರುತ್ತಾರೆ’ ಎಂಬಂಥ ವಾಕ್ಯಗಳೇ ಪುಟದ ತುಂಬ. ಅದು ವಕೀಲರ ಮಾತು. ಕಕ್ಷಿದಾರರು ಏನು ಹೇಳಿದರು, ಯಾವ ಪ್ರಶ್ನೆಗೆ ಹಾಗೆ ಹೇಳಿದರು ಎಂಬುದು ಆ ಡೈರಿಗಳಲ್ಲಿ ಸಿಗುವುದು ಅಪರೂಪ.

ಇದರಿಂದ ಏನು ಕೆಡುತ್ತದೆ ಎನ್ನುವುದಕ್ಕೆ ಮೂಡಿಗೆರೆ ಕಡೆಯ ಒಂದು ಕಾನೂನು ನೆರವು ಶಿಬಿರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಪಂಚಾಯಿತಿ ಕಟ್ಟಡದ ಒಂದು ಕೋಣೆ. ಐವತ್ತರ ಆಸುಪಾಸಿನ, ಕಾಫಿ ತೋಟದಲ್ಲಿ ದುಡಿದ ಹೆಂಗಸು ‘ಸರ್ವಿಸ್ ದುಡ್ಡು’ ಕೇಳಿಕೊಂಡು ಬಂದಿದ್ದರು, ಅಂದರೆ ಗ್ರಾಚ್ಯುಯಿಟಿ. ವಿದ್ಯಾರ್ಥಿಯ ಮುಂದೆ ಅಚ್ಚಾದ ಫಾರಂ: ಹೆಸರು, ಎದುರುದಾರರು, ಸಮಸ್ಯೆಯ ಸ್ವರೂಪ, ಕೋರುವ ಪರಿಹಾರ. ಹುಡುಗ ಒಳ್ಳೆಯವನು, ಅವರ ಪರವಾಗಿ ಏನಾದರೂ ಮಾಡಬೇಕೆಂಬ ಆತುರವೂ ಇತ್ತು.

‘ನಿಮ್ಮನ್ನ ಕೆಲಸದಿಂದ ತೆಗೆದುಹಾಕಿದ್ರು, ಅಲ್ವಾ?’
‘ಹೂಂ ಸಾರ್.’
‘ನೋಟಿಸ್ ಏನೂ ಕೊಡ್ಲಿಲ್ಲ ತಾನೇ?’
‘ಹೂಂ ಸಾರ್.’
‘ಹನ್ನೊಂದು ವರ್ಷ ಕೆಲಸ ಮಾಡಿದ್ದೀರಿ. ಚೆಕ್‌ರೋಲ್‌ನಲ್ಲಿ ಹಾಗೇ ಇದೆ ಅಂತೆ?’
‘ಹೂಂ.’

ಇಪ್ಪತ್ತು ನಿಮಿಷದಲ್ಲಿ ಫಾರಂ ತುಂಬಿತು. ಓದಿದರೆ ಗಟ್ಟಿ ಕೇಸಿನಂತೆ ಕಾಣುತ್ತಿತ್ತು.

ಉತ್ತರವನ್ನು ಒಳಗಿಟ್ಟುಕೊಂಡೇ ಬರುವ ಪ್ರಶ್ನೆಗೆ ಕಾನೂನಿನಲ್ಲಿ ಸೂಚಕ ಪ್ರಶ್ನೆ ಎನ್ನುತ್ತಾರೆ. ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ಎದುರು ಪಕ್ಷ ಆಕ್ಷೇಪಿಸಿದರೆ ಅದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದಿತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 146ನೇ ಕಲಮಿನಲ್ಲೂ ಇದೆ. ವಿದ್ಯಾರ್ಥಿಗಳಿಗೆ ಕಲಮು ಬಾಯಿಪಾಠ ಬರುತ್ತದೆ. ಆದರೆ ಅದೆಲ್ಲ ಕೋರ್ಟಿನ ಕಟಕಟೆಗೆ ಸೇರಿದ್ದು ಎಂದುಕೊಂಡು ಶಿಬಿರದ ಮೇಜಿನ ಮುಂದೆ ಮರೆತುಬಿಡುತ್ತಾರೆ. ಕೋರ್ಟಿನಲ್ಲಾದರೆ ತಡೆಯಲು ಎದುರು ವಕೀಲರಿರುತ್ತಾರೆ. ಇಲ್ಲಿ ಯಾರಿದ್ದಾರೆ?

ಕನ್ನಡದಲ್ಲಿ ಈ ತಪ್ಪು ಬಲು ಸಲೀಸು. ಇಡೀ ವಾಕ್ಯ ಹೇಳಿ ಬಾಲಕ್ಕೆ ‘ಅಲ್ವಾ’, ‘ತಾನೇ’, ‘ಅಂತೆ’ ಸಿಕ್ಕಿಸಿದರಾಯಿತು, ಸೂಚಕ ಪ್ರಶ್ನೆ ಸಿದ್ಧ. ಅದಕ್ಕೆ ಬರುವ ‘ಹೂಂ’ ಇನ್ನೂ ಮೋಸದ್ದು. ನಮ್ಮಲ್ಲಿ ಕತೆ ಕೇಳುವವರೂ ಹೂಂಗುಡುತ್ತಾರೆ. ಓದಿದವರ ಮುಂದೆ, ಅದೂ ಉಪಕಾರ ಮಾಡಲು ಬಂದವರ ಮುಂದೆ, ಲೈನ್ ಮನೆಯ ಹೆಂಗಸಿನ ‘ಹೂಂ’ಗೆ ‘ನೀವು ಹೇಳೋದು ಕೇಳಿಸ್ತಾ ಇದೆ’ ಎಂಬಷ್ಟೇ ಅರ್ಥವಿರಬಹುದು. ಫಾರಂ ಅದನ್ನು ‘ಹೌದು’ ಎಂದು ಬರೆದುಕೊಳ್ಳುತ್ತದೆ. ಅಂದು ಬಾಗಿಲ ಬಳಿ ತೋಟದ ಮೇಸ್ತ್ರಿಯೊಬ್ಬರೂ ನಿಂತಿದ್ದರು. ಅವರನ್ನು ಹೊರಗೆ ಕೂರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಆ ಹೆಂಗಸನ್ನೇ ಇನ್ನೊಬ್ಬ ವಿದ್ಯಾರ್ಥಿನಿ ಮಾತಾಡಿಸಿದಳು. ಮೊದಲು ಬಾಗಿಲು ಮುಚ್ಚಿ ಬಂದಳು. ‘ತೋಟದ ಕೆಲಸ ಹೇಗೆ ನಿಂತುಹೋಯ್ತು, ಮೊದಲಿಂದ ಹೇಳಿ ಅಮ್ಮ’ ಎಂದಳು. ಅಷ್ಟು ದೊಡ್ಡ ಪ್ರಶ್ನೆಗೆ ಎಲ್ಲಿಂದ ಶುರು ಮಾಡುವುದೆಂದು ತೋಚದೆ ಹೆಂಗಸು ಸುಮ್ಮನಾದರು. ಸೂಚಕ ಪ್ರಶ್ನೆ ಬೇಡ ಎಂದು ಕಲಿಸುವ ನಮ್ಮಂಥವರು ಎಡವುವುದೂ ಇಲ್ಲೇ. ‘ಎಲ್ಲಾ ಹೇಳಿ’ ಎಂದು ಬಿಟ್ಟುಬಿಟ್ಟರೆ ಕಕ್ಷಿದಾರರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹುಡುಗಿ ಸ್ವಲ್ಪ ಕಾದಳು. ಆಮೇಲೆ, ‘ಕಡೇ ಸಲ ತೋಟದಲ್ಲಿ ಏನು ಕೆಲಸ ಮಾಡ್ತಿದ್ರಿ?’ ಎಂದಳು. ಆ ಪ್ರಶ್ನೆಯಲ್ಲಿ ಉತ್ತರವಿಲ್ಲ, ಹಿಡಿಕೆ ಇದೆ. ತಾರೀಖು ನೆನಪಿಲ್ಲದವರಿಗೂ ಕೊಯ್ಲು, ಮರಗಸಿ, ಹೂಮಳೆ, ಕಳೆ ಕೀಳುವುದು ನೆನಪಿರುತ್ತವೆ. ಮಲೆನಾಡಿನ ತೋಟದಲ್ಲಿ ವರ್ಷ ನಡೆಯುವುದೇ ಹಾಗೆ.

ಮಾತು ಹರಿಯಿತು. ಅವರನ್ನು ಯಾರೂ ತೆಗೆದುಹಾಕಿರಲಿಲ್ಲ. ಮಂಡಿ ನೋವೆಂದು ಕೆಲವು ದಿನ ಹೋಗಲಿಲ್ಲ, ಆಮೇಲೆ ತೋಟದವರು ಕರೆಯಲಿಲ್ಲ, ಅಷ್ಟೇ. ಬೆಳಗಿನ ಫಾರಂ ನಂಬಿ ‘ವಜಾ’ ಎಂದು ಅರ್ಜಿ ಹಾಕಿದ್ದರೆ ಪಾಟೀಸವಾಲಿನ ಮೊದಲ ಪ್ರಶ್ನೆಗೇ ಅದು ಬೀಳುತ್ತಿತ್ತು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆಗೆ ವಜಾ ಆಗಿರಬೇಕೆಂಬ ಅಗತ್ಯವೇ ಇರಲಿಲ್ಲ. ಕೆಲಸ ತಾವಾಗಿ ಬಿಟ್ಟವರಿಗೂ ಐದು ವರ್ಷದ ಸತತ ಸೇವೆ ಇದ್ದರೆ ಹಣ ಬರಬೇಕು. ಹುಡುಗ ಕಷ್ಟಪಟ್ಟು ಹೊರಡಿಸಿದ ‘ಸತ್ಯ’ ಕೇಸಿಗೆ ಬೇಕಾಗಿಯೂ ಇರಲಿಲ್ಲ.

ಬೇಕಾಗಿದ್ದು ಬೇರೆ: ಎಷ್ಟು ವರ್ಷದ ಸೇವೆ, ವರ್ಷಕ್ಕೆ 240 ದಿನ ಆಗುತ್ತಿತ್ತೇ, ಕಡೆಯ ಮೂರು ತಿಂಗಳು ಎಷ್ಟು ಕೂಲಿ ಬಂತು. ಕಿಲೋ ಲೆಕ್ಕದಲ್ಲಿ ದುಡಿದವರಿಗೆ ದಿನಗೂಲಿಯನ್ನು ಆ ಮೂರು ತಿಂಗಳ ಸರಾಸರಿಯ ಮೇಲೆಯೇ ಕಟ್ಟುವುದು. ‘ಎಷ್ಟು ವರ್ಷ ಮಾಡಿದ್ರಿ?’ ಎಂದಾಗ ಅವರು ಮತ್ತೆ ‘ಹನ್ನೊಂದು’ ಎಂದೇ ಹೇಳಿದರು. ಬೆಳಿಗ್ಗೆ ಕಿವಿಗೆ ಬಿದ್ದ ಸಂಖ್ಯೆ ಅದಾಗಲೇ ಅವರ ನೆನಪಿನಲ್ಲಿ ಕೂತಿತ್ತು. ಸೂಚಕ ಪ್ರಶ್ನೆಯ ದೊಡ್ಡ ಹಾನಿ ಇದು. ಒಂದು ಉತ್ತರ ಕೆಡುವುದರ ಜೊತೆಗೆ ಮುಂದಿನ ಉತ್ತರವೂ ಕೆಡುತ್ತದೆ. ಹುಡುಗಿ ಆ ಸಂಖ್ಯೆಯನ್ನು ಪ್ರಶ್ನಿಸಲಿಲ್ಲ. ಮೊದಲ ಕೊಯ್ಲಿನ ಬಗ್ಗೆ ಕೇಳಿದಳು.

‘ಆಗ ಕೂಲಿ ಯಾರ ಕೈಗೆ ಕೊಡ್ತಿದ್ರು?’
‘ನಮ್ಮೆಜಮಾನ್ರ ಕೈಗೆ. ಇಬ್ರೂ ಕುಯ್ದಿದ್ದು ಒಟ್ಟಿಗೇ ತೂಕ ಆಗ್ತಿತ್ತು. ಹೆಸ್ರೂ ಅವರದ್ದೇ.’

ಮೊದಲ ಐದು ವರ್ಷ, 2003ರಿಂದ 2008ರವರೆಗೆ, ಅವರ ದುಡಿಮೆ ಗಂಡನ ಹೆಸರಿನಲ್ಲಿ ಬರೆದುಹೋಗಿತ್ತು. ಸೇವೆ 16 ವರ್ಷದ್ದು, ದಾಖಲೆ 11ರದ್ದು. ದಿನಕ್ಕೆ ಸರಾಸರಿ 350 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಕೂಲಿ, ಅಂದರೆ 5,250. ಹನ್ನೊಂದು ವರ್ಷಕ್ಕೆ 57,750, ಹದಿನಾರಕ್ಕೆ 84,000. ಆ ಒಂದು ಪ್ರಶ್ನೆಯ ಬೆಲೆ 26,250 ರೂಪಾಯಿ. ಆ ಐದು ವರ್ಷವನ್ನು ಸಾಬೀತು ಮಾಡುವುದು ಸುಲಭವಲ್ಲ, ಮಾಲೀಕರು ಒಪ್ಪುವುದೂ ಕಷ್ಟ. ಆದರೆ ಗೊತ್ತಾದ ಮೇಲೆ ಹುಡುಕಲು ದಾರಿಗಳಿವೆ: ಜೊತೆಯಲ್ಲಿ ಕುಯ್ದವರು, ಲೈನ್ ಮನೆಯ ವಿಳಾಸವಿರುವ ಪಡಿತರ ಚೀಟಿ, ಮಗಳ ಶಾಲೆಯ ದಾಖಲಾತಿ ಪುಸ್ತಕ. ಗೊತ್ತೇ ಆಗದಿದ್ದರೆ ಯಾವುದನ್ನು ಹುಡುಕುವುದು?

ಸೂಚಕ ಪ್ರಶ್ನೆ ಎಲ್ಲ ಕಡೆಯೂ ತಪ್ಪೆಂದು ನಾನು ಹೇಳುವುದಿಲ್ಲ. ವಿವಾದವಿಲ್ಲದ, ಪ್ರಾಸ್ತಾವಿಕ ಸಂಗತಿಗಳಿಗೆ ಕಾನೂನೇ ಅದನ್ನು ಬಿಟ್ಟುಕೊಡುತ್ತದೆ. ಹೆಸರು, ಊರು, ‘ನಿಮ್ಮದು ಕಳಸದ ಹತ್ರ ಅಲ್ವಾ’ ಎಂಬಲ್ಲಿ ಏನೂ ಕೆಡುವುದಿಲ್ಲ. ನಾಚಿಕೆಯ ವಿಷಯವನ್ನು ಬಾಯಿಬಿಟ್ಟು ಹೇಳಲಾಗದವರಿಗೆ ಅರ್ಧ ಮಾತು ನಾವೇ ಆಡಿಕೊಡಬೇಕಾದೀತು. ಹಾಗೆ ಮಾಡಿದ್ದನ್ನು ಟಿಪ್ಪಣಿಯಲ್ಲಿ ಬರೆದಿಡಬೇಕು ಎನ್ನುವುದಷ್ಟೇ ನನ್ನ ಹಟ. ಹುಡುಗಿಯ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಅವರದೇ ಮಾತು ಇತ್ತು. ಬೆಳಗಿನ ಫಾರಂನಲ್ಲಿ ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ, ಹಾಗಾಗಿ ಯಾವ ಮಾತು ಯಾರದೆಂದು ಆಮೇಲೆ ಓದುವವರಿಗೆ ತಿಳಿಯುವಂತಿಲ್ಲ. ಅಂಕ ಕೊಡುವುದಾದರೆ ಆ ಎರಡು ಕಾಲಮಿಗೆ ಕೊಡಬೇಕು.

ಕೊನೆಗೆ ಅವಳು ಬರೆದದ್ದನ್ನೆಲ್ಲ ಓದಿ ಹೇಳಿದಳು. ಹೆಬ್ಬಾಳೆ ಸೇತುವೆ ಮುಳುಗಿದಾಗ ಕೆಲಸ ನಿಂತಿತೆಂದು ಹೆಂಗಸು ಹೇಳಿದ್ದರು. ಆ ಸೇತುವೆ ಜೋರು ಮಳೆ ಬಂದಾಗಲೆಲ್ಲ ಮುಳುಗುವಂಥದ್ದು, ಅದರಿಂದ ವರ್ಷ ತಿಳಿಯುವುದಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಗುಡ್ಡಗಳು ಕುಸಿದ ಆ ಮಳೆಯೇ ಇರಬೇಕೆಂದುಕೊಂಡು ಹುಡುಗಿ ಹಾಗೆಯೇ ಬರೆದಿದ್ದಳು. ಅದನ್ನು ಓದಿದಾಗ ಹೆಂಗಸು ಕೈ ಅಡ್ಡ ಹಿಡಿದರು.

‘ಅಲ್ಲ ಮಗ. ಗುಡ್ಡ ಕುಸಿದ ಮಳೇಲಿ ನಾನಿನ್ನೂ ಕೆಲಸಕ್ಕೆ ಹೋಗ್ತಿದ್ದೆ. ನಿಂತಿದ್ದು ಆ ವರ್ಷದ ದೀಪಾವಳಿ ಆದ್ಮೇಲೆ.’

ಬೆಳಗಿನಿಂದ ಅವರು ‘ಅಲ್ಲ’ ಎಂದದ್ದು ಅದೇ ಮೊದಲು. ಹುಡುಗಿ ಆಗಸ್ಟ್ ಎಂಬುದನ್ನು ಹೊಡೆದುಹಾಕಿ ದೀಪಾವಳಿ ಎಂದು ಬರೆದಳು, ಪಕ್ಕದಲ್ಲಿ ‘ಅವರೇ ತಿದ್ದಿದ್ದು’ ಎಂದು ಸೇರಿಸಿದಳು.