ಅಂಕಿತವನ್ನು ಅನುವಾದಿಸಿದರೆ ಊರು ಎಲ್ಲಿ ಹೋಗುತ್ತದೆ?

ಅನುವಾದಕರು ಎಷ್ಟು ಗಟ್ಟಿಗರು ಎಂದು ತಿಳಿಯಲು ಅವರ ಪುಸ್ತಕವನ್ನೆಲ್ಲ ಮೂಲದೊಡನೆ ಇಟ್ಟು ನೋಡಬೇಕಾಗಿಲ್ಲ. ಸುಲಭವಾಗಿ ದಾಟಲಾಗದ ನಾಲ್ಕೈದು ಶಬ್ದಗಳನ್ನು ಆರಿಸಿ, ಅಲ್ಲಿ ಅವರೇನು ಮಾಡಿದರು ಎಂದು ನೋಡಿದರೆ ಸಾಕು. ಎ.ಕೆ. ರಾಮಾನುಜನ್ ಅವರನ್ನು ಹಾಗೆ ನೋಡೋಣ.

ಮೊದಲಿಗೆ ಅನಂತಮೂರ್ತಿಯವರ ‘ಸಂಸ್ಕಾರ’. ರಾಮಾನುಜನ್ ಇದನ್ನು 1976ರಲ್ಲಿ ಇಂಗ್ಲಿಷಿಗೆ ತಂದರು. ಕತೆಯಲ್ಲಿ ನಾರಣಪ್ಪ ಸತ್ತಿದ್ದಾನೆ, ಅವನ ಸಂಸ್ಕಾರ ಯಾರು ಮಾಡುವುದು ಎಂಬುದೇ ಜಗಳ. ಹಾಗೆಂದು ‘ಶವಸಂಸ್ಕಾರ’ ಎಂಬರ್ಥದ ಇಂಗ್ಲಿಷ್ ಹೆಸರು ಕೊಟ್ಟಿದ್ದರೆ ಪ್ರಾಣೇಶಾಚಾರ್ಯರ ಒಳಗೆ ನಡೆಯುವ ಸಂಸ್ಕಾರ ಬಿಟ್ಟುಹೋಗುತ್ತಿತ್ತು. ಅವರು ಶಬ್ದವನ್ನು ಹಾಗೆಯೇ ಉಳಿಸಿ, ಪುಸ್ತಕದ ಮೊದಲಲ್ಲೇ ಕಿಟ್ಟೆಲರ ನಿಘಂಟಿನಿಂದ ಅದರ ಅರ್ಥಗಳನ್ನು ಸಾಲಾಗಿ ಕೊಟ್ಟರು. 1894ರಲ್ಲಿ ನಮ್ಮ ಪಕ್ಕದ ಮಂಗಳೂರಿನಲ್ಲಿ ಅಚ್ಚಾದ ನಿಘಂಟು ಅದು. ಒಂದೇ ಶಬ್ದ ಹಲವು ದಿಕ್ಕಿಗೆ ಎಳೆಯುತ್ತದೆ ಎಂಬುದು ಕತೆ ಶುರುವಾಗುವ ಮೊದಲೇ ಓದುಗನಿಗೆ ಗೊತ್ತಾಗುತ್ತದೆ. ಇದು ನಿಖರತೆ.

ಇನ್ನು ವಚನಗಳು. 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಅವರು ಇದಕ್ಕೆ ತದ್ವಿರುದ್ಧ ಮಾಡಿದ್ದಾರೆ. ಅಲ್ಲಿ ಅಂಕಿತವನ್ನೇ ಅನುವಾದಿಸಿದರು. ಅಲ್ಲಮನ ಗುಹೇಶ್ವರ ‘ಗುಹೆಗಳ ಒಡೆಯ’ ಆದ. ಅಕ್ಕನ ಚೆನ್ನಮಲ್ಲಿಕಾರ್ಜುನ ‘ಮಲ್ಲಿಗೆಯಂತೆ ಬಿಳಿಯ ಒಡೆಯ’ ಆದ. ಬಸವಣ್ಣನ ಕೂಡಲಸಂಗಮದೇವ ‘ಕೂಡುವ ನದಿಗಳ ಒಡೆಯ’ ಆದ. ದೇವರ ದಾಸಿಮಯ್ಯನ ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದ.

ಇದರಿಂದ ಲಾಭವುಂಟು. ನಾವು ದಿನಾ ಹೇಳಿ ಹೇಳಿ ‘ಗುಹೇಶ್ವರ’ದೊಳಗಿನ ಗುಹೆಯನ್ನು ಕೇಳುವುದೇ ಇಲ್ಲ, ಇಂಗ್ಲಿಷ್ ಓದುಗನಿಗೆ ಅದು ಕೇಳುತ್ತದೆ. ಅಲ್ಲಮನ ಕತ್ತಲೆ ಬೆಳಕಿನ ಮಾತಿಗೆ ಅದು ಬೇಕೇ ಬೇಕು.

ಆದರೆ ಬಸವಣ್ಣನ ಅಂಕಿತದಲ್ಲಿ ಬೆಲೆ ತೆರಬೇಕಾಯಿತು. ಕೂಡಲಸಂಗಮ ಬರೀ ಉಪಮೆಯಲ್ಲ. ಕೃಷ್ಣಾ ಮಲಪ್ರಭಾ ಸೇರುವಲ್ಲಿರುವ ಊರು, ಅಲ್ಲಿ ದೇವಸ್ಥಾನವುಂಟು. ಇಂಗ್ಲಿಷಿನಲ್ಲಿ ಅದು ಲೋಕದ ಯಾವ ಎರಡು ಹೊಳೆ ಕೂಡುವ ಜಾಗವೂ ಆಗಬಹುದು. ಸಂಗಮದ ವಿಷಯ ಪುಸ್ತಕದ ಪರಿಚಯದಲ್ಲಿ ಇದೆ, ನಿಜ. ಆದರೆ ಒಂದೇ ವಚನವನ್ನು ಬಿಡಿಯಾಗಿ ಓದುವ ಶಾಲೆಯ ಮಗುವಿಗೆ ಆ ಪರಿಚಯ ಸಿಗುವುದಿಲ್ಲ. ಊರಿನ ಹೆಸರು ಒಂದು ಅಕ್ಷರ ಬದಲಾದರೂ ಕಸಿವಿಸಿಪಡುವ ಗಡಿನಾಡಿನ ನಮಗೆ ಈ ನಷ್ಟ ಬೇಗ ಕಾಣುತ್ತದೆ.

ಹಾಗಾದರೆ ಅನುವಾದ ತಪ್ಪೇ? ಅಲ್ಲ. ಶಬ್ದದ ಅರ್ಥ ಸರಿಯಾಗಿಯೇ ಇದೆ. ಕಾದಂಬರಿಯಲ್ಲಿ ಶಬ್ದವನ್ನು ಬಿಟ್ಟುಕೊಡದವರು ವಚನದಲ್ಲಿ ಹೆಸರನ್ನೇ ಬಿಚ್ಚಿದರು, ಎರಡೂ ಕಡೆ ಆಲೋಚಿಸಿಯೇ ಮಾಡಿದರು. ಅವರ ಹರವು ತಿಳಿಯುವುದು ಇಲ್ಲಿ. ನಮ್ಮ ಮೇಷ್ಟ್ರುಗಳು ಈ ವಚನಗಳನ್ನು ಇಂಗ್ಲಿಷಿನಲ್ಲಿ ಪಾಠ ಮಾಡುವಾಗ ಕೂಡಲಸಂಗಮದ ಹೆಸರನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದುಬಿಟ್ಟರೆ, ಅನುವಾದದಲ್ಲಿ ಕಳೆದ ಊರು ತರಗತಿಗೆ ವಾಪಸು ಬರುತ್ತದೆ.