ಕಿವಿಗೆ ಬರೆದ ಗುಣಾಕಾರ

ಹಲಗೆಯಿಲ್ಲದೆ, ಬರೀ ಧ್ವನಿಯಲ್ಲಿ ಫೋನಿಗೆ ಬರುವ ಗಣಿತ ಪಾಠಕ್ಕೆ ಸ್ಕ್ರಿಪ್ಟ್ ಬರೆಯುವವರು ಸಾಮಾನ್ಯವಾಗಿ ತರಗತಿಯಲ್ಲಿ ಹಲಗೆಯ ಮೇಲೆ ಮಾಡುವುದನ್ನೇ ಬಾಯಲ್ಲಿ ಹೇಳುತ್ತಾರೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಹೋಗಿ ಓಡಾಟ ನಿಲ್ಲುವ ಕೃಷ್ಣಾ ತೀರದಂಥ ಕಡೆ ಇಂಥ ಪಾಠಕ್ಕೆ ನಿಜವಾದ ಉಪಯೋಗವಿದೆ. ವಿಡಿಯೊಗಿಂತ ಕಡಿಮೆ ಡೇಟಾ ಸಾಕು. ಆದರೆ ಹಲಗೆಯ ವಿಧಾನ ಕಣ್ಣಿಗಾಗಿ ಹುಟ್ಟಿದ್ದು. ಮಾತು ಬದಲಿಸಿದರೆ ಸಾಲದು, ವಿಧಾನವನ್ನೇ ಬದಲಿಸಬೇಕಾಗುತ್ತದೆ.

47 ಬಂಡಿ ಕಬ್ಬು, ಬಂಡಿಗೆ 36 ಕಟ್ಟು. ಒಟ್ಟು ಎಷ್ಟು ಕಟ್ಟು? ಹಲಗೆಯ ರೀತಿಯನ್ನು ಓದಿ ಹೇಳುವ ಸ್ಕ್ರಿಪ್ಟ್ ಹೀಗಿರುತ್ತದೆ: ‘ಏಳಾರಲ ನಲವತ್ತೆರಡು, ಇಲ್ಲಿ ಎರಡು ಬರೆದು ನಾಲ್ಕು ದಶಕ. ನಾಲ್ಕಾರಲ ಇಪ್ಪತ್ನಾಲ್ಕು, ಅದಕ್ಕೆ ಆ ನಾಲ್ಕು ಸೇರಿಸಿ. ಈಗ ಕೆಳಗೆ ಒಂದು ಸ್ಥಾನ ಬಿಟ್ಟು...’ ಇದರಲ್ಲಿ ‘ಇಲ್ಲಿ’, ‘ಆ’, ‘ಕೆಳಗೆ’ ಎನ್ನುವ ಮಾತುಗಳೆಲ್ಲ ಬೆರಳು ತೋರಿಸುವವರಿಗೆ ಮಾತ್ರ ಅರ್ಥವಾಗುವಂಥವು. ಅದಕ್ಕಿಂತ ದೊಡ್ಡ ತೊಂದರೆ, ಬಿಡಿಸ್ಥಾನದಿಂದ ಆರಂಭಿಸುವ ಕ್ರಮ. ಮಗು ದಶಕವನ್ನು ನೆನಪಿನಲ್ಲಿ ಹಿಡಿದುಕೊಂಡೇ ಮುಂದಿನ ಗುಣಾಕಾರ ಮಾಡಬೇಕು, ಮತ್ತು ಕೊನೆಯವರೆಗೂ ಉತ್ತರ ಸುಮಾರು ಎಷ್ಟೆಂಬ ಅಂದಾಜು ಅದಕ್ಕೆ ಸಿಗುವುದಿಲ್ಲ.

ಕಿವಿಗೆ ಒಗ್ಗುವುದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕ್ರಮ. ‘36 ಎಂದರೆ 30 ಮತ್ತು 6. ಮೊದಲು 47ರ 30 ಪಟ್ಟು. 47ರ ಮೂರು ಪಟ್ಟು ಎಷ್ಟು?’ ಇಲ್ಲಿ ಧ್ವನಿ ನಿಲ್ಲಬೇಕು. ‘141. ಅದರ ಹತ್ತು ಪಟ್ಟು 1410. ಬರೆದುಕೊಳ್ಳಿ. ಇನ್ನು 47ರ ಆರು ಪಟ್ಟು, 282. ಅದರ ಕೆಳಗೆ ಬರೆಯಿರಿ. ನಿಮ್ಮ ಪಾಟಿಯಲ್ಲಿ ಈಗ ಎರಡೇ ಸಂಖ್ಯೆ ಇರಬೇಕು: 1410, 282. ಎರಡನ್ನೂ ಕೂಡಿಸಿ.’ ಉತ್ತರ 1692. ಪ್ರತಿ ಹಂತವೂ ಒಂದು ಪೂರ್ತಿ ಸಂಖ್ಯೆಯಲ್ಲಿ ಮುಗಿಯುತ್ತದೆ, ಬಾಕಿ ಏನನ್ನೂ ತಲೆಯಲ್ಲಿ ಹೊತ್ತುಕೊಳ್ಳಬೇಕಿಲ್ಲ. ಕೊನೆಯಲ್ಲಿ ಪರೀಕ್ಷೆಯೂ ಬಾಯಲ್ಲೇ ಆಗುತ್ತದೆ: 50 ಬಂಡಿಯಾದರೆ 1800, ಹೆಚ್ಚಾದ ಮೂರು ಬಂಡಿಯ 108 ಕಳೆದರೆ ಅದೇ 1692.

ಶಿಕ್ಷಕರ ಹಲಗೆ ಇಲ್ಲವೆಂದ ಮಾತ್ರಕ್ಕೆ ಮಗುವಿನ ಕೈ ಸುಮ್ಮನಿರಬೇಕಿಲ್ಲ. ಇದಕ್ಕೆ ಹಳೆಯ ಮಾದರಿಯೊಂದಿದೆ. ಕನ್ನಡದಲ್ಲಿ ಗಣಿತ ಬರೆದ 12ನೇ ಶತಮಾನದ ರಾಜಾದಿತ್ಯನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗ ಎಂದು ಗುರುತಿಸುವವರಿದ್ದಾರೆ. ಅವನ ‘ವ್ಯವಹಾರಗಣಿತ’ದಂಥ ಕೃತಿಗಳಲ್ಲಿ ಸೂತ್ರಗಳು ಪದ್ಯದಲ್ಲಿವೆ, ಬಾಯಿಪಾಠಕ್ಕೆ ಒದಗುತ್ತವೆ. ಆದರೆ ಆ ಪರಂಪರೆಯ ಹೆಸರೇ ಪಾಟೀಗಣಿತ: ನಿಯಮ ಬಾಯಲ್ಲಿ, ಅಂಕಿ ಪಾಟಿಯ ಮೇಲೆ. ಒಳ್ಳೆಯ ಧ್ವನಿಪಾಠ ಈ ಹಂಚಿಕೆಯನ್ನೇ ಪಾಲಿಸುತ್ತದೆ. ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿಸಲು ಹೊರಟ ಸ್ಕ್ರಿಪ್ಟ್ ಕೇಳಲು ಚುರುಕಾಗಿರುತ್ತದೆ, ಕಲಿಸುವುದು ಕಡಿಮೆ.

ಮೌನದ ವಿಷಯದಲ್ಲಿ ರೇಡಿಯೊ ಪಾಠಗಳಿಂದ ಕಲಿಯುವುದಿದೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಿಕರಾಗುವಾದಲ್ಲಿ ನಡೆಸಿದ ರೇಡಿಯೊ ಗಣಿತ ಯೋಜನೆಯಲ್ಲಿ ಪ್ರಶ್ನೆ ಕೇಳಿ, ಮಕ್ಕಳು ಉತ್ತರಿಸುವಷ್ಟು ಹೊತ್ತು ಧ್ವನಿಯನ್ನು ನಿಲ್ಲಿಸುತ್ತಿದ್ದರು. ಬಳಿಕ ಸರಿಯುತ್ತರ ಬರುತ್ತಿತ್ತು. ಕರ್ನಾಟಕದ ಶಾಲೆಗಳಿಗೆ ಬಂದ ‘ಚಿನ್ನರ ಚುಕ್ಕಿ’ ರೇಡಿಯೊ ಪಾಠಗಳೂ ಮಕ್ಕಳನ್ನು ಹೀಗೆ ಮಾತಿಗೆಳೆಯುವ ಜಾತಿಯವು. ಫೋನಿನ ಪಾಠ ಬರೆಯುವವರು ‘ಬೇಕಾದಲ್ಲಿ ನಿಲ್ಲಿಸಿಕೊಳ್ಳಲಿ’ ಎಂದು ಈ ಮೌನವನ್ನು ಕತ್ತರಿಸುತ್ತಾರೆ. ಇದು ಸೋಮಾರಿತನ. ಬರೆಯುತ್ತಿರುವ ಕೈ ಗುಂಡಿ ಒತ್ತಲು ಹೋಗದು. ಫೋನು ಅಕ್ಕನ ಕೈಯಲ್ಲಿದ್ದರಂತೂ ಮುಗಿಯಿತು.

ಗಡಿಭಾಗಕ್ಕೆ ವಿಶೇಷವಾದ ಎಡವಟ್ಟು ಒಂದಿದೆ. ಕನ್ನಡದ ನಲವತ್ತೇಳರಲ್ಲಿ ಹತ್ತರ ಸ್ಥಾನ ಮೊದಲು ಕೇಳುತ್ತದೆ. ಮರಾಠಿಯ ಸತ್ತೇಚಾಳೀಸದಲ್ಲಿ ಬಿಡಿ ಮೊದಲು. ಚಿಕ್ಕೋಡಿ, ನಿಪ್ಪಾಣಿ ಕಡೆ ಎರಡೂ ಭಾಷೆ ಕೇಳಿ ಬೆಳೆದ ಮಗು 74 ಎಂದು ಬರೆದುಕೊಂಡರೆ ಸರಿಪಡಿಸಲು ಹಲಗೆಯಿಲ್ಲ. ಹಾಗಾಗಿ ಮೊದಲ ಸಲ ಸಂಖ್ಯೆ ಹೇಳುವಾಗ ‘ನಲವತ್ತೇಳು; ನಾಲ್ಕು, ಏಳು’ ಎಂದು ಅಂಕಿ ಬಿಡಿಸಿ ಹೇಳುವುದು ಅನಗತ್ಯ ಉದ್ದವಲ್ಲ.

ಸ್ಕ್ರಿಪ್ಟ್ ಎಲ್ಲಿ ಸೋತಿತೆಂದು ಮಕ್ಕಳು ಮರಳಿ ಕಳುಹಿಸಿದ ಉತ್ತರಗಳಿಂದಲೇ ತಿಳಿಯುತ್ತದೆ. 2664 ಬಂದರೆ ಮಗು 74 ಎಂದು ಕೇಳಿಸಿಕೊಂಡಿರಬಹುದು. 423 ಬಂದರೆ 141ನ್ನು ಹತ್ತು ಪಟ್ಟು ಮಾಡದೆ 282ಕ್ಕೆ ಕೂಡಿಸಿದೆ. ಆ ವಾಕ್ಯ ಬೇಗ ಹಾದುಹೋಗಿದೆ ಎಂದರ್ಥ. 1592 ಬಂದರೆ ಕೊನೆಯ ಕೂಡಿಕೆಯಲ್ಲಿ ನೂರರ ಸ್ಥಾನ ತಪ್ಪಿದೆ, ಅದಕ್ಕೆ ಸ್ಕ್ರಿಪ್ಟನ್ನು ಹೊಣೆ ಮಾಡಬೇಕಿಲ್ಲ.

ಈ ವಿಧಾನದ ಮಿತಿ ಬೇಗ ಎದುರಾಗುತ್ತದೆ. ಮೂರಂಕಿಯನ್ನು ಮೂರಂಕಿಯಿಂದ ಗುಣಿಸುವಾಗ ಮೂರು ಗುಣಲಬ್ಧ ಸಾಲುಗಳನ್ನು ಕೂಡಿಸಬೇಕಾಗುವುದರಿಂದ ಧ್ವನಿಗಿಂತ ಒಂದು ಫೋಟೊ ವಾಸಿ. ರೇಖಾಗಣಿತದ ಆಕೃತಿಯಂತೂ ಬರೀ ಮಾತಿಗೆ ದಕ್ಕುವುದು ಕಷ್ಟ.