ಕತ್ತಿಯ ಮುಂದಿನ ಸ್ವಗತ

ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವಿದೆ. ಅಂಥ ಕಡೆ ಅಭಿನಯ ಕಲಿಯುವವರು ದುರಂತ ಪಾತ್ರದ ಸ್ವಗತವನ್ನು, ಎಂದರೆ ಪಾತ್ರವೊಂದು ರಂಗದ ಮೇಲೆ ಒಂಟಿಯಾಗಿ ನಿಂತು ಆಡುವ ದೀರ್ಘವಾದ ಮಾತನ್ನು, ಅಭ್ಯಾಸಕ್ಕೆ ಆರಿಸಿಕೊಳ್ಳುವಾಗ ಕನ್ನಡದಲ್ಲಿ ಮೊದಲು ನೆನೆಯಬೇಕಾದ ಕೃತಿಗಳಲ್ಲಿ ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ (1929) ಒಂದು. ಸೊಫೊಕ್ಲೀಸನ ಗ್ರೀಕ್ ನಾಟಕ ‘ಏಜಾಕ್ಸ್’ ಅನ್ನು ಮಹಾಭಾರತದ ಆವರಣಕ್ಕೆ ತಂದು ಹಳಗನ್ನಡದಲ್ಲಿ ರಚಿಸಿದ ಈ ನಾಟಕದಲ್ಲಿ, ಪರಂಪರೆ ಚಿರಂಜೀವಿಯೆಂದು ನಂಬಿದ ಅಶ್ವತ್ಥಾಮನು ತನ್ನ ಕೈಯಾರೆ ಸಾಯುತ್ತಾನೆ.

ಸಾವಿಗೆ ಮುನ್ನಿನ ಮಾತನ್ನು ಹೇಗೆ ಆಡಬೇಕೆಂಬುದಕ್ಕೆ ಮೂಲದ ಏಜಾಕ್ಸನ ಸ್ವಗತದ ರಚನೆಯೇ ಸ್ಪಷ್ಟವಾದ ದಾರಿ ತೋರಿಸುತ್ತದೆ. ಗ್ರೀಕ್ ದುರಂತ ನಾಟಕದಲ್ಲಿ ಸಾಮಾನ್ಯವಾಗಿ ರಂಗದ ಮೇಲೆಯೇ ಉಳಿಯುವ ಮೇಳವನ್ನು ಸೊಫೊಕ್ಲೀಸನು ಇಲ್ಲಿ ಹೊರಗೆ ಕಳುಹಿಸಿ, ವೀರನನ್ನು ನಿಜವಾಗಿ ಒಂಟಿಯಾಗಿಸುತ್ತಾನೆ. ಆದರೆ ಅವನು ಮೊದಲು ಗೋಳಾಡುವುದಿಲ್ಲ. ನೆಲದಲ್ಲಿ ನೆಟ್ಟ ಕತ್ತಿಯನ್ನು ಯೋಧನ ಕಣ್ಣಿನಿಂದ ಪರೀಕ್ಷಿಸಿ, ಅದು ಶತ್ರುವಾದ ಹೆಕ್ಟರನ ಕಾಣಿಕೆ, ನೆಟ್ಟದ್ದು ಶತ್ರುವಿನ ನೆಲ, ಸಾಣೆ ಈಗಷ್ಟೇ ಆಗಿದೆ ಎಂದು ಒಣ ದನಿಯಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಒಂದೊಂದು ಬೇಡಿಕೆ ಇಡುತ್ತಾನೆ: ತನ್ನ ದೇಹ ವೈರಿಗಳ ಕೈಗೆ ಸಿಗುವ ಮೊದಲು ತಮ್ಮನಿಗೆ ಸುದ್ದಿ ಮುಟ್ಟಿಸೆಂದು ಜ್ಯೂಸ್‌ನನ್ನು, ಹೆಣಗಾಟವಿಲ್ಲದ ಸಾವು ಕೊಡೆಂದು ಸತ್ತವರಿಗೆ ದಾರಿ ತೋರುವ ಹರ್ಮಿಸ್‌ನನ್ನು, ಸೇಡು ತೀರಿಸಿಕೊಡಿರೆಂದು ಎರಿನ್ಯೀಸ್ ಎಂಬ ಉಗ್ರದೇವತೆಗಳನ್ನು, ಮುದಿ ತಂದೆತಾಯಿಗೆ ತಿಳಿಸೆಂದು ಸೂರ್ಯನನ್ನು ಕೇಳುತ್ತಾನೆ. ತಾಯಿಯ ನೆನಪು ಬಂದಾಗ ಮಾತ್ರ ದನಿ ಒಡೆಯುತ್ತದೆ, ಆದರೆ ಮರುಕ್ಷಣವೇ ಅಳುವುದು ವ್ಯರ್ಥ, ಕೆಲಸ ಬೇಗ ಆಗಬೇಕು ಎಂದು ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ.

ಇಲ್ಲಿ ನಟ ಎಡವುವುದು ಅಂತ್ಯ ತನಗೆ ಗೊತ್ತಿರುವುದರಿಂದಲೇ. ಮೊದಲ ಸಾಲಿನಿಂದಲೇ ಸಾವಿನ ಭಾರವನ್ನು ಹೊತ್ತುಕೊಂಡರೆ ತಾಯಿಯ ಮಾತಿನ ಹೊತ್ತಿಗೆ ಒಡೆಯಲು ದನಿಯೇ ಉಳಿದಿರುವುದಿಲ್ಲ. ಕಣ್ಣು ಮುಚ್ಚಿ ಕೇಳುವವರಿಗೆ ಕರೆಸಿಕೊಂಡವರು ಎಲ್ಲಿ ಬದಲಾದರೆಂದು ತಿಳಿಯದಿದ್ದರೆ ಈ ದೋಷ ಹೊಕ್ಕಿದೆಯೆಂದೇ ಅರ್ಥ. ಪ್ರತಿ ಸಂಬೋಧನೆಗೂ ಹೊಸ ಉಸಿರು ತೆಗೆದುಕೊಂಡು, ನೋಟದ ದಿಕ್ಕನ್ನು ಬದಲಿಸಿ, ಬೇಡಿಕೆ ಮುಗಿಯುವವರೆಗೆ ಅಲ್ಲಿಯೇ ನಿಲ್ಲಿಸುವುದು ಅದಕ್ಕೆ ಪರಿಹಾರ.

ಕನ್ನಡದಲ್ಲಿ ಇನ್ನೊಂದು ಎಚ್ಚರವೂ ಬೇಕು. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ, ಹಳಗನ್ನಡದ ಉದ್ದ ವಾಕ್ಯದಲ್ಲಿ ವಿಶೇಷಣಗಳ ಮೇಲೆಯೇ ಉಸಿರು ಖರ್ಚಾದರೆ ‘ಕೊಡು’, ‘ತಿಳಿಸು’ ಎಂಬ ಅರ್ಥದ ಕೊನೆಯ ಪದ ಕುಸಿದು, ಬೇಡಿಕೆಯೇ ಕೇಳಿಸದೆ ಬರೀ ಕೊರಗು ಉಳಿಯುತ್ತದೆ. ಆದ್ದರಿಂದ ಪ್ರತಿ ವಾಕ್ಯದ ಕ್ರಿಯಾಪದವನ್ನು ಮೊದಲು ಗುರುತಿಸಿಕೊಂಡು, ಉಸಿರನ್ನು ಅಲ್ಲಿಯವರೆಗೆ ಉಳಿಸಿಕೊಳ್ಳುವ ಅಭ್ಯಾಸವು ಭಾವದ ಅಭ್ಯಾಸಕ್ಕಿಂತ ಮುಂಚೆ ನಡೆಯಬೇಕು.